ಸಿ ಚಾನೆಲ್ ತಿರುಚಿಕೊಂಡರೆ ಕಬ್ಬಿಣ ಕಳಪೆಯೇ? ತಪ್ಪು ಇರುವುದು ಭಾರ ನೇತುಹಾಕಿದ ಜಾಗದಲ್ಲಿ!

ಅಂಗಡಿಯ ಮುಂದಿನ ಬೋರ್ಡು, ಟೆರೇಸ್ ಮೇಲಿನ ಶೀಟ್ ಶೆಡ್, ಗೋಡೆಯಿಂದ ಹೊರಚಾಚಿದ ಸ್ಟ್ಯಾಂಡ್ – ಎಲ್ಲಿ ನೋಡಿದರೂ ಸಿ ಆಕಾರದ ಕಬ್ಬಿಣದ ಚಾನೆಲ್ ಕಾಣುತ್ತದೆ. ಹಾಕಿಸಿದ ಕೆಲವೇ ದಿನಗಳಲ್ಲಿ ಅದು ಒಂದು ಪಕ್ಕಕ್ಕೆ ವಾಲಿ, ಬಾಯಿ ಕೆಳಗೆ ಮಾಡಿ ತಿರುಚಿಕೊಂಡಿರುವುದನ್ನೂ ನೀವು ನೋಡಿರಬಹುದು. ಆಗ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಒಂದು, "ಕಬ್ಬಿಣ ಕಳಪೆ, ಒಳ್ಳೆ ಕಂಪನಿಯದು ಹಾಕಬೇಕಿತ್ತು." ಇನ್ನೊಂದು, "ಭಾರವನ್ನು ಸರಿಯಾಗಿ ನಡುಮಧ್ಯಕ್ಕೆ ಹಾಕಿದ್ದರೆ ತಿರುಚುತ್ತಿರಲಿಲ್ಲ."

ಈ ಎರಡೂ ಮಾತು ಮೇಲ್ನೋಟಕ್ಕೆ ಸರಿ ಅನ್ನಿಸುತ್ತವೆ. ಆದರೆ ಎರಡೂ ಸರಿಯಲ್ಲ. ಅತ್ಯುತ್ತಮ ಉಕ್ಕಿನ ಚಾನೆಲ್ ಕೂಡ ತಿರುಚುತ್ತದೆ. ಭಾರವನ್ನು ಚಾನೆಲ್ಲಿನ ತೂಕದ ಕೇಂದ್ರಕ್ಕೇ ಸರಿಯಾಗಿ ಹಾಕಿದರೂ ತಿರುಚುತ್ತದೆ. ತಿರುಚದೇ ಇರಬೇಕಾದರೆ ಭಾರ ಹೋಗಬೇಕಾದ ಜಾಗವೇ ಬೇರೆ. ಆ ಜಾಗ ಚಾನೆಲ್ಲಿನ ಒಳಗಿಲ್ಲ, ಅದರ ಬೆನ್ನಿನ ಹಿಂದೆ ಖಾಲಿ ಗಾಳಿಯಲ್ಲಿದೆ! ಎಂಜಿನಿಯರುಗಳು ಅದನ್ನು ಶಿಯರ್ ಸೆಂಟರ್ ಎನ್ನುತ್ತಾರೆ. ಅದು ಅಲ್ಲಿಗೆ ಹೇಗೆ ಹೋಯಿತು, ಅದರಿಂದ ನಮಗೇನಾಗಬೇಕು ಎಂಬುದನ್ನು ನೋಡೋಣ.

ಮೊದಲು ಚಾನೆಲ್ಲಿನ ಅಂಗಗಳು

ಚಾನೆಲ್ಲಿನ ತುದಿಯನ್ನು ಎದುರಿನಿಂದ ನೋಡಿದರೆ ಸಿ ಅಕ್ಷರದಂತೆ ಕಾಣುತ್ತದೆ. ನೆಟ್ಟಗೆ ನಿಂತ ಭಾಗವನ್ನು ನಾವಿಲ್ಲಿ ಬೆನ್ನು ಎನ್ನೋಣ. ಮೇಲೆ ಮತ್ತು ಕೆಳಗೆ ಒಂದೇ ಕಡೆಗೆ ಚಾಚಿದ ಎರಡು ಪಟ್ಟಿಗಳನ್ನು ತೋಳು ಎನ್ನೋಣ. ಎಂಜಿನಿಯರುಗಳ ಭಾಷೆಯಲ್ಲಿ ಇವು ವೆಬ್ ಮತ್ತು ಫ್ಲಾಂಜ್. ಎರಡೂ ತೋಳುಗಳು ಒಂದೇ ಕಡೆಗಿವೆ ಎಂಬುದನ್ನು ನೆನಪಿಡಿ. ಇಡೀ ಕಥೆ ಇರುವುದು ಅದರಲ್ಲೇ.

ಈಗ ಒಂದು ಲೆಕ್ಕದ ಉದಾಹರಣೆ ತೆಗೆದುಕೊಳ್ಳೋಣ. 2 ಮಿಮೀ ದಪ್ಪದ ತಗಡನ್ನು ಮಡಚಿ ಮಾಡಿದ ಚಾನೆಲ್. ಎತ್ತರ 100 ಮಿಮೀ, ತೋಳಿನ ಅಗಲ 50 ಮಿಮೀ, ಉದ್ದ ಒಂದೂವರೆ ಮೀಟರ್. ಒಂದು ತುದಿಯನ್ನು ಗೋಡೆಯಲ್ಲಿ ಭದ್ರವಾಗಿ ಹಿಡಿಸಿದೆ, ಇನ್ನೊಂದು ತುದಿ ಗಾಳಿಯಲ್ಲಿದೆ. ಆ ತುದಿಯಲ್ಲಿ 20 ಕೆಜಿ ತೂಕದ ಬೋರ್ಡು ನೇತಾಡುತ್ತಿದೆ.

ಬರೀ ಬಾಗುವಿಕೆಯ ಲೆಕ್ಕ ಮಾಡಿದರೆ ಚಿಂತೆಯೇ ಇಲ್ಲ. ತುದಿ 2 ಮಿಮೀಗಿಂತಲೂ ಕಡಿಮೆ ಕೆಳಗಿಳಿಯುತ್ತದೆ. ಉಕ್ಕಿನ ಮೇಲೆ ಬೀಳುವ ಒತ್ತಡ, ಸಾಮಾನ್ಯ ಉಕ್ಕು ತಾಳಬಲ್ಲ ಮಿತಿಯ ಹತ್ತನೇ ಒಂದು ಭಾಗದಷ್ಟು. ಹಾಗಾಗಿಯೇ "20 ಕೆಜಿ ತಾನೇ, ಇಷ್ಟು ದೊಡ್ಡ ಚಾನೆಲ್‌ಗೆ ಇದೇನು ಮಹಾ" ಎಂದು ಹಾಕಿಬಿಡುತ್ತಾರೆ. ಅವರು ಮರೆಯುವುದು ತಿರುಚುವಿಕೆಯನ್ನು.

ತೋಳಿನೊಳಗೆ ಅಡ್ಡಕ್ಕೆ ಹರಿಯುವ ಬಲ

ತುದಿಯಲ್ಲಿ ಭಾರ ಬಿದ್ದಾಗ ಚಾನೆಲ್ ಕೆಳಕ್ಕೆ ಬಾಗುತ್ತದೆ. ಆಗ ಮೇಲಿನ ತೋಳು ಹಿಗ್ಗಲು ನೋಡುತ್ತದೆ, ಕೆಳಗಿನ ತೋಳು ಕುಗ್ಗಲು ನೋಡುತ್ತದೆ. ಈ ಎಳೆತ ಗೋಡೆಯ ಹತ್ತಿರ ಅತಿ ಹೆಚ್ಚು. ಭಾರ ನೇತುಹಾಕಿದ ತುದಿಗೆ ಬರುವಷ್ಟರಲ್ಲಿ ಸೊನ್ನೆ.

ಈಗ ಮೇಲಿನ ತೋಳಿನಿಂದ ಹತ್ತು ಸೆಂಟಿಮೀಟರಿನ ಒಂದು ತುಂಡನ್ನು ಮಾತ್ರ ಮನಸ್ಸಿನಲ್ಲೇ ಬೇರ್ಪಡಿಸಿ. ಗೋಡೆಯ ಕಡೆಯಿಂದ ಅದನ್ನು ಎಳೆಯುವ ಬಲ ಹೆಚ್ಚು, ಇನ್ನೊಂದು ಕಡೆಯಿಂದ ಎಳೆಯುವ ಬಲ ಕಡಿಮೆ. ಹಾಗಿದ್ದರೆ ಆ ತುಂಡು ಗೋಡೆಯ ಕಡೆಗೆ ಜಾರಿಹೋಗಬೇಕಿತ್ತು. ಏಕೆ ಜಾರುವುದಿಲ್ಲ? ಬೆನ್ನು ಅದನ್ನು ಹಿಡಿದುಕೊಂಡಿದೆ. ತೋಳು ಬೆನ್ನಿಗೆ ಅಂಟಿಕೊಂಡಿರುವುದು ಒಂದೇ ಅಂಚಿನಲ್ಲಿ. ಆದ್ದರಿಂದ ತೋಳಿನ ಹೊರತುದಿಯಲ್ಲಿರುವ ಲೋಹ ತನ್ನ ಪಾಲಿನ ಹೊರೆಯನ್ನು ಪಕ್ಕದ ಲೋಹಕ್ಕೆ ದಾಟಿಸಬೇಕು, ಅದು ಅದರ ಪಕ್ಕದ್ದಕ್ಕೆ, ಹೀಗೆ ಬೆನ್ನಿನವರೆಗೆ. ಕಟ್ಟಡ ಕೆಲಸದಲ್ಲಿ ಸಾಲಾಗಿ ನಿಂತು ಇಟ್ಟಿಗೆ ಕೈಯಿಂದ ಕೈಗೆ ದಾಟಿಸುವುದನ್ನು ನೆನೆಯಿರಿ. ಒಂದೇ ವ್ಯತ್ಯಾಸ ಏನೆಂದರೆ, ಇಲ್ಲಿ ಸಾಲಿನಲ್ಲಿರುವ ಪ್ರತಿಯೊಬ್ಬನೂ ತನ್ನದೊಂದು ಇಟ್ಟಿಗೆಯನ್ನು ಸೇರಿಸುತ್ತಾ ಹೋಗುತ್ತಾನೆ. ಹೊರತುದಿಯಲ್ಲಿ ದಾಟಿಸಬೇಕಾದ್ದು ಏನೂ ಇಲ್ಲ, ಬೆನ್ನಿನ ಹತ್ತಿರ ಅತಿ ಹೆಚ್ಚು.

ಹೀಗೆ ಪಕ್ಕಪಕ್ಕದ ಲೋಹ ಒಂದನ್ನೊಂದು ಉದ್ದಕ್ಕೆ ಉಜ್ಜುವಂತೆ ಹಿಡಿಯುವುದೇ ಜಾರುಬಲ, ಅಂದರೆ ಶಿಯರ್. ಇದಕ್ಕೊಂದು ಕಟ್ಟುನಿಟ್ಟಿನ ನಿಯಮವಿದೆ. ಲೋಹದ ಯಾವುದೇ ಪುಟ್ಟ ಚೌಕದ ಮೇಲೆ ಉದ್ದಕ್ಕೆ ಜಾರುಬಲ ಇದ್ದರೆ, ಅಷ್ಟೇ ತೀವ್ರತೆಯ ಜಾರುಬಲ ಅಡ್ಡಕ್ಕೂ ಇರಲೇಬೇಕು. ಇಲ್ಲದಿದ್ದರೆ ಆ ಚೌಕ ಇದ್ದಲ್ಲೇ ಗಿರಗಿರ ತಿರುಗಿಬಿಡುತ್ತಿತ್ತು. ಹಾಗಾಗಿ ತೋಳಿನೊಳಗೆ ಅಡ್ಡಕ್ಕೂ ಒಂದು ಬಲ ಹುಟ್ಟುತ್ತದೆ.

ಆ ಬಲದ ದಾರಿಯನ್ನು ನೆನಪಿಡುವುದು ಸುಲಭ. ಬೆರಳಿನಿಂದ ಸಿ ಅಕ್ಷರ ಬರೆಯಿರಿ. ಮೇಲಿನ ತೋಳಿನ ತುದಿಯಿಂದ ಬೆನ್ನಿನ ಕಡೆಗೆ, ಬೆನ್ನಿನಲ್ಲಿ ಕೆಳಕ್ಕೆ, ಆಮೇಲೆ ಕೆಳಗಿನ ತೋಳಿನಲ್ಲಿ ಮತ್ತೆ ಹೊರಕ್ಕೆ. ಭಾರ ಕೆಳಮುಖವಾಗಿದ್ದಾಗ ಚಾನೆಲ್ಲಿನೊಳಗೆ ಜಾರುಬಲ ಹರಿಯುವುದು ಇದೇ ದಾರಿಯಲ್ಲಿ.

ಗಾಳಿಯಲ್ಲಿರುವ ಬಿಂದು

ನಮ್ಮ ಉದಾಹರಣೆಯಲ್ಲಿ ಬೆನ್ನು ಇಡೀ 20 ಕೆಜಿಯನ್ನು ಹೊರುತ್ತದೆ. ಜೊತೆಗೆ ಮೇಲಿನ ತೋಳಿನಲ್ಲಿ ಬೆನ್ನಿನ ಕಡೆಗೆ ಸುಮಾರು 3.75 ಕೆಜಿಯಷ್ಟು ಅಡ್ಡ ಬಲ, ಕೆಳಗಿನ ತೋಳಿನಲ್ಲಿ ಹೊರಕ್ಕೆ ಅಷ್ಟೇ ಬಲ. ಇವೆರಡೂ ಸಮ, ದಿಕ್ಕು ಮಾತ್ರ ವಿರುದ್ಧ. ಹಾಗಾಗಿ ಚಾನೆಲ್ ಎಡಕ್ಕೂ ಸರಿಯುವುದಿಲ್ಲ, ಬಲಕ್ಕೂ ಸರಿಯುವುದಿಲ್ಲ. ಆದರೆ ಒಂದು ಬಲ ಮೇಲಿದೆ, ಇನ್ನೊಂದು 98 ಮಿಮೀ ಕೆಳಗಿದೆ. ಎರಡೂ ಕೈಯಿಂದ ಸ್ಟೀರಿಂಗ್ ತಿರುಗಿಸುವಾಗ ಒಂದು ಕೈ ಆ ಕಡೆಗೆ, ಇನ್ನೊಂದು ಈ ಕಡೆಗೆ ಎಳೆಯುತ್ತದಲ್ಲ, ಹಾಗೆ. ಸ್ಟೀರಿಂಗ್ ಎಲ್ಲಿಗೂ ಸರಿಯುವುದಿಲ್ಲ, ತಿರುಗುತ್ತದೆ.

ಈ ತಿರುಗುಬಲ ಎಷ್ಟು? 3.75 ಅನ್ನು 98ರಿಂದ ಗುಣಿಸಿದರೆ 367.5. ಹೊರಗಿನ ಭಾರ ಇದಕ್ಕೆ ಸರಿಹೊಂದಬೇಕಾದರೆ 20 ಕೆಜಿ ಎಷ್ಟು ದೂರದಲ್ಲಿ ನೇತಾಡಬೇಕು? 367.5 ಅನ್ನು 20ರಿಂದ ಭಾಗಿಸಿ: ಸುಮಾರು 18.4 ಮಿಮೀ. ಅಂದರೆ ಬೆನ್ನಿನ ತಗಡಿನ ನಡುವಿನಿಂದ 18.4 ಮಿಮೀ ದೂರ. ಅದೂ ತೋಳುಗಳಿರುವ ಕಡೆಗಲ್ಲ, ಅದರ ವಿರುದ್ಧ ದಿಕ್ಕಿಗೆ, ಬೆನ್ನಿನ ಹಿಂದೆ. ಆ ಬಿಂದುವೇ ಶಿಯರ್ ಸೆಂಟರ್. ಭಾರ ಅದರ ಮೂಲಕ ಹಾದುಹೋದರೆ ಚಾನೆಲ್ ನೆಟ್ಟಗೆ ಬಾಗುತ್ತದೆ, ತಿರುಚುವುದಿಲ್ಲ.

ಒಂದೇ ದಪ್ಪದ ತಗಡಿನ ಸಾದಾ ಚಾನೆಲ್‌ಗೆ ಈ ದೂರವನ್ನು ಹೇಳುವ ಸರಳ ಸೂತ್ರವಿದೆ:

e = 3b² / (6b + h)

ಇಲ್ಲಿ b ಎಂದರೆ ತೋಳಿನ ಅಗಲ, h ಎಂದರೆ ಎತ್ತರ, ಎರಡನ್ನೂ ತಗಡಿನ ದಪ್ಪದ ನಡುವಿನಿಂದ ಅಳೆಯಬೇಕು. ನಮ್ಮ ಚಾನೆಲ್‌ಗೆ b 49, h 98. ಹಾಕಿ ನೋಡಿ, ಅದೇ 18.4 ಬರುತ್ತದೆ. ಈ ಸೂತ್ರದಲ್ಲಿ ಭಾರ ಎಷ್ಟು ಎಂಬುದಿಲ್ಲ, ಉಕ್ಕು ಯಾವುದು ಎಂಬುದೂ ಇಲ್ಲ. ಶಿಯರ್ ಸೆಂಟರ್ ಎಲ್ಲಿರಬೇಕೆಂದು ನಿರ್ಧರಿಸುವುದು ಆಕಾರ ಮಾತ್ರ. ತೋಳಿನ ತುದಿಯನ್ನು ಒಳಕ್ಕೆ ಮಡಚಿದ ಚಾನೆಲ್‌ಗಳಿಗೆ ಈ ಸೂತ್ರ ಹೊಂದುವುದಿಲ್ಲ. ಅವುಗಳಲ್ಲಿ ಈ ಬಿಂದು ಬೆನ್ನಿನಿಂದ ಇನ್ನಷ್ಟು ಹಿಂದಕ್ಕಿರುತ್ತದೆ.

ಐ ಆಕಾರದ ಬೀಮಿನಲ್ಲಿ ಈ ತಾಪತ್ರಯವಿಲ್ಲ ಏಕೆ? ಅಲ್ಲಿ ಬೆನ್ನಿನ ಎರಡೂ ಪಕ್ಕಕ್ಕೆ ತೋಳುಗಳಿವೆ. ಎಡತೋಳಿನ ಅಡ್ಡ ಬಲವನ್ನು ಬಲತೋಳಿನದು ರದ್ದು ಮಾಡುತ್ತದೆ. ಹಾಗಾಗಿ ಶಿಯರ್ ಸೆಂಟರ್ ನಡುಮಧ್ಯದಲ್ಲೇ ಉಳಿಯುತ್ತದೆ.

ಎಷ್ಟು ತಿರುಚುತ್ತದೆ?

ಈಗ ಅದೇ 20 ಕೆಜಿ ಬೋರ್ಡನ್ನು ಬೇರೆಬೇರೆ ಜಾಗದಲ್ಲಿ ನೇತುಹಾಕಿ ನೋಡೋಣ.

ಸರಿಯಾಗಿ ಬೆನ್ನಿನ ಕೆಳಗೆ ಹಾಕಿದರೆ ಚಾನೆಲ್ಲಿನ ತುದಿ ಸುಮಾರು ಮೂರೂವರೆ ಡಿಗ್ರಿ ತಿರುಚುತ್ತದೆ. ಹೆಚ್ಚಿನವರು ಅತಿ ಸುರಕ್ಷಿತ ಎಂದುಕೊಳ್ಳುವ ಜಾಗ ಇದು. ಇನ್ನು ತೂಕದ ಕೇಂದ್ರ ಇರುವುದು ಬೆನ್ನಿನಿಂದ ತೋಳುಗಳ ಕಡೆಗೆ 12 ಮಿಮೀ ಒಳಗೆ. ಅಲ್ಲಿ ಹಾಕಿದರೆ ಐದೂವರೆ ಡಿಗ್ರಿ ದಾಟುತ್ತದೆ. ಕೆಳಗಿನ ತೋಳಿನ ಹೊರತುದಿಗೆ ತೂತು ಕೊರೆದು ಕೊಕ್ಕೆ ಹಾಕಿದರೆ ಸುಮಾರು 12 ಡಿಗ್ರಿ! ತೋಳಿನ ತುದಿ ಬೆನ್ನಿಗಿಂತ ಒಂದು ಸೆಂಟಿಮೀಟರಿನಷ್ಟು ಕೆಳಗೆ ಹೋಗುತ್ತದೆ. ಬಾಗುವಿಕೆಯಿಂದ ಇಳಿದದ್ದು 2 ಮಿಮೀ ಕೂಡ ಅಲ್ಲ ಎಂಬುದನ್ನು ಇದರ ಪಕ್ಕ ಇಟ್ಟು ನೋಡಿ.

ಇದು ಕಣ್ಣಿಗೆ ಕೆಟ್ಟದಾಗಿ ಕಾಣುವುದು ಅಷ್ಟೇ ಅಲ್ಲ. ಗೋಡೆಯ ಹತ್ತಿರ ಚಾನೆಲ್ ತಿರುಚಲಾಗದಂತೆ ಹಿಡಿದಿರುವುದರಿಂದ, ಅಲ್ಲಿ ತೋಳಿನ ತುದಿಗಳಲ್ಲಿ ಹೆಚ್ಚುವರಿ ಒತ್ತಡ ಹುಟ್ಟುತ್ತದೆ. ಕೊಕ್ಕೆಯ ಉದಾಹರಣೆಯಲ್ಲಿ ಅದು ಬಾಗುವಿಕೆಯ ಒತ್ತಡದ ನಾಲ್ಕು ಪಟ್ಟಿಗೂ ಹೆಚ್ಚು. ಬೆಸುಗೆಯೂ ಬೋಲ್ಟೂ ಇರುವುದು ಅದೇ ಜಾಗದಲ್ಲಿ. ಗಾಳಿಗೆ ಬೋರ್ಡು ಓಲಾಡುತ್ತಾ ಅದೇ ಜಾಗವನ್ನು ದಿನವೂ ಹಿಂದೆ ಮುಂದೆ ಎಳೆಯುತ್ತಿದ್ದರೆ ಬೆಸುಗೆಯಲ್ಲಿ ಬಿರುಕು ಶುರುವಾಗಬಹುದು. ಬೋರ್ಡಿನ ಕೆಳಗೆ ಜನ ಓಡಾಡುತ್ತಿರುತ್ತಾರೆ.

"ಒಳ್ಳೆ ಉಕ್ಕು ಹಾಕಿದ್ದರೆ?"

ಹೆಚ್ಚು ಬಲದ ಉಕ್ಕು ಎಂದರೆ ಮುರಿಯುವ ಅಥವಾ ಶಾಶ್ವತವಾಗಿ ಬಾಗಿಬಿಡುವ ಮುನ್ನ ಹೆಚ್ಚು ತಾಳುತ್ತದೆ ಎಂದರ್ಥ. ಆದರೆ ಇಂತಿಷ್ಟು ಭಾರಕ್ಕೆ ಎಷ್ಟು ಬಾಗುತ್ತದೆ, ಎಷ್ಟು ತಿರುಚುತ್ತದೆ ಎಂಬುದು ಉಕ್ಕಿನ ಬಿಗುಪಿನ ವಿಷಯ. ಕಟ್ಟಡಕ್ಕೆ ಬಳಸುವ ಸಾಮಾನ್ಯ ಉಕ್ಕಿನಲ್ಲೂ ದುಬಾರಿ ಉಕ್ಕಿನಲ್ಲೂ ಆ ಬಿಗುಪು ಹೆಚ್ಚೂಕಡಿಮೆ ಒಂದೇ. ಹಾಗಾಗಿ ಅದೇ ಆಕಾರದ, ಅದೇ ದಪ್ಪದ ದುಬಾರಿ ಚಾನೆಲ್ ತಂದರೂ ಅದು ಅಷ್ಟೇ ಡಿಗ್ರಿ ತಿರುಚುತ್ತದೆ. ಹಣ ಹೋಗುತ್ತದೆ, ತಿರುಚು ಹೋಗುವುದಿಲ್ಲ.

ವಿಜ್ಞಾನಿಗಳಿಗೂ ತಲೆಕೆಡಿಸಿದ ವಿಷಯ

ನೂರು ವರ್ಷಗಳ ಹಿಂದೆ ಎಂಜಿನಿಯರುಗಳೂ "ತೂಕದ ಕೇಂದ್ರದ ಮೇಲೆ ಭಾರ ಹಾಕಿದರೆ ತಿರುಚುವುದಿಲ್ಲ" ಎಂದೇ ಭಾವಿಸಿದ್ದರು. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಪ್ರೊಫೆಸರ್ ಆಗಿದ್ದ ಕಾರ್ಲ್ ಫಾನ್ ಬಾಖ್ 1909ರ ಹೊತ್ತಿಗೆ ಚಾನೆಲ್ ಬೀಮುಗಳ ಮೇಲೆ ಭಾರ ಹಾಕಿ ಪರೀಕ್ಷೆ ಮಾಡಿದರು. ಪುಸ್ತಕದ ಸೂತ್ರ ಹೇಳುವಂತೆ ಒಂದೇ ಎತ್ತರದಲ್ಲಿ ಒತ್ತಡವೂ ಒಂದೇ ಇರಬೇಕಿತ್ತು. ಆದರೆ ಅಳತೆ ಹಾಗೆ ಬರಲಿಲ್ಲ; ತೋಳಿನ ಈ ಅಂಚಿಗೂ ಆ ಅಂಚಿಗೂ ವ್ಯತ್ಯಾಸ ಕಂಡಿತು.

ಇದರ ಗಂಟು ಬಿಡಿಸಿದವರು ಸ್ವಿಟ್ಜರ್ಲೆಂಡಿನ ಸೇತುವೆ ಎಂಜಿನಿಯರ್ ರಾಬರ್ಟ್ ಮೈಯಾರ್. ಆಲ್ಪ್ಸ್ ಬೆಟ್ಟಗಳ ನಡುವೆ 1930ರಲ್ಲಿ ಮುಗಿದ ಪ್ರಸಿದ್ಧ ಸಾಲ್ಗಿನಾಟೋಬೆಲ್ ಕಾಂಕ್ರೀಟ್ ಸೇತುವೆಯ ವಿನ್ಯಾಸ ಇವರದೇ. ಸೂತ್ರದಲ್ಲಿ ತಪ್ಪಿಲ್ಲ, ಭಾರ ಹಾಕಿದ ಜಾಗ ತಪ್ಪು ಎಂದು ಅವರು 1921ರಲ್ಲಿ ತೋರಿಸಿದರು. ತಿರುಚದೇ ಬಾಗಬೇಕಾದರೆ ಭಾರ ಹಾದುಹೋಗಬೇಕಾದ ಬಿಂದು ಬೇರೆಯೇ ಇದೆ ಎಂದು ವಿವರಿಸಿ, ಅದಕ್ಕೆ ಜಾರುಬಲದ ಕೇಂದ್ರ ಎಂಬ ಅರ್ಥದ ಜರ್ಮನ್ ಹೆಸರನ್ನು ಕೊಟ್ಟರು.

ಮನೆಯಲ್ಲೇ ಮಾಡಿ ನೋಡಿ

ನಂಬಿಕೆ ಬರದಿದ್ದರೆ ಶರ್ಟಿನ ಪೊಟ್ಟಣದಲ್ಲಿ ಬರುವಂಥ ರಟ್ಟು ಸಾಕು. 30 ಸೆಂಮೀ ಉದ್ದ, 12 ಸೆಂಮೀ ಅಗಲದ ಪಟ್ಟಿ ಕತ್ತರಿಸಿ. ಎರಡೂ ಉದ್ದದ ಅಂಚುಗಳಿಂದ 3 ಸೆಂಮೀ ಬಿಟ್ಟು ಒಂದೇ ಕಡೆಗೆ ಮಡಚಿ. 6 ಸೆಂಮೀ ಬೆನ್ನು, 3 ಸೆಂಮೀ ತೋಳುಗಳ ಚಾನೆಲ್ ಸಿದ್ಧ. ಬೆನ್ನು ನೆಟ್ಟಗೆ ನಿಲ್ಲುವಂತೆ ಹಿಡಿದು, ಒಂದು ತುದಿಯೊಳಗೆ ಬಿಗಿಯಾಗಿ ಕೂರುವ ಮರದ ತುಂಡು ತುರುಕಿ, ಅಂಟುಪಟ್ಟಿ ಸುತ್ತಿ, ಆ ತುಂಡನ್ನು ಮೇಜಿನ ಅಂಚಿನಲ್ಲಿ ಗಟ್ಟಿಯಾಗಿ ಒತ್ತಿಹಿಡಿಯಿರಿ. ಇನ್ನೊಂದು ತುದಿ ಹೊರಕ್ಕೆ ಚಾಚಿರಲಿ. ಆ ತುದಿಯಲ್ಲಿ ಕೆಳತೋಳಿನ ಅಡಿಗೆ ಐಸ್‌ಕ್ರೀಮ್ ಕಡ್ಡಿಯನ್ನು ಅಡ್ಡಕ್ಕೆ ಅಂಟಿಸಿ. ಅದು ಬೆನ್ನಿನ ಹಿಂದಕ್ಕೂ ನಾಲ್ಕೈದು ಸೆಂಮೀ ಚಾಚಿರಬೇಕು.

ಈಗ ಎರಡು ಮೂರು ಕೀಲಿಗಳನ್ನು ದಾರಕ್ಕೆ ಕಟ್ಟಿ ಕಡ್ಡಿಯ ಮೇಲೆ ಜರುಗಿಸುತ್ತಾ ಹೋಗಿ. ತೋಳುಗಳ ಕಡೆ ನೇತುಹಾಕಿದರೆ ಬಾಯಿ ಕೆಳಗಾಗುತ್ತದೆ. ಸರಿಯಾಗಿ ಬೆನ್ನಿನ ಕೆಳಗೆ ತಂದರೂ ಸ್ವಲ್ಪ ವಾಲುತ್ತದೆ. ಬೆನ್ನನ್ನು ದಾಟಿ ಹಿಂದೆ ಒಂದು ಸೆಂಮೀ ಹೋದಾಗ ನೆಟ್ಟಗೆ ನಿಲ್ಲುತ್ತದೆ. ಸೂತ್ರದ ಪ್ರಕಾರ ಆ ಜಾಗ 11 ಮಿಮೀ. ಇನ್ನೂ ಹಿಂದೆ ಹೋದರೆ ವಿರುದ್ಧ ದಿಕ್ಕಿಗೆ ತಿರುಚುತ್ತದೆ. ಮಕ್ಕಳಿಗೆ ತೋರಿಸಲೂ ಚೆನ್ನಾಗಿರುತ್ತದೆ.

ಈಗಾಗಲೇ ಹಾಕಿದ ಚಾನೆಲ್ ತಿರುಚಿದೆಯೇ?

ಇದನ್ನು ತಿಳಿಯಲು ಗಾರೆ ಕೆಲಸದವರ ತೂಗುಗುಂಡು ಸಾಕು. ಚಾನೆಲ್ಲಿನ ಬೆನ್ನಿನ ಹೊರಮೈಯ ಪಕ್ಕ ದಾರ ಇಳಿಬಿಡಿ. ಗೋಡೆಯ ಹತ್ತಿರ ದಾರ ಬೆನ್ನಿಗೆ ಮೇಲಿಂದ ಕೆಳಗೆ ಸಮವಾಗಿ ತಾಗುತ್ತದೆ. ಹೊರತುದಿಯ ಕಡೆಗೆ ಹೋದಂತೆ ದಾರ ಕೆಳ ಅಂಚಿಗೆ ಮಾತ್ರ ತಾಗಿ, ಮೇಲೆ ಸಂದು ಕಾಣಿಸತೊಡಗಿದರೆ ಚಾನೆಲ್ ಬಾಯಿಯ ಕಡೆಗೆ ತಿರುಚಿದೆ ಎಂದರ್ಥ. ನಮ್ಮ ಉದಾಹರಣೆಯಲ್ಲಿ ಭಾರ ಬೆನ್ನಿನ ಕೆಳಗಿದ್ದಾಗಲೇ ಈ ಸಂದು ಸುಮಾರು 6 ಮಿಮೀ ಇರುತ್ತದೆ. ಸಂದು ಎಲ್ಲೂ ಇಲ್ಲ, ಆದರೆ ಚಾನೆಲ್ ಕೆಳಕ್ಕೆ ಜೋತಿದೆ ಎಂದರೆ ಅದು ತಿರುಚಲ್ಲ. ಭಾರ ಹೆಚ್ಚಾಗಿದೆ ಅಥವಾ ಉದ್ದ ಹೆಚ್ಚಾಗಿದೆ.

ಪರಿಹಾರ ಏನು?

ಅತಿ ಸರಳ ದಾರಿ, ಬಾಯಿ ತೆರೆದ ಚಾನೆಲ್ ಬದಲು ನಾಲ್ಕೂ ಕಡೆ ಮುಚ್ಚಿದ ಬಾಕ್ಸ್ ಪೈಪ್ ಬಳಸುವುದು. ಅದೇ 100, 50 ಅಳತೆಯ, 2 ಮಿಮೀ ದಪ್ಪದ ಬಾಕ್ಸ್ ಪೈಪಿಗೆ ಉಕ್ಕು ಬೇಕಾಗುವುದು ಸುಮಾರು ಒಂದೂವರೆ ಪಟ್ಟು. ಆದರೆ ತಿರುಚುವಿಕೆಯನ್ನು ತಡೆಯುವ ಅದರ ಬಿಗುಪು ಸಾದಾ ಚಾನೆಲ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು. ಚಾನೆಲ್ಲೇ ಬೇಕೆಂದಿದ್ದರೆ ಎರಡು ಚಾನೆಲ್‌ಗಳನ್ನು ಬಾಯಿಗೆ ಬಾಯಿ ಸೇರಿಸಿ ಉದ್ದಕ್ಕೂ ಬೆಸುಗೆ ಹಾಕಿದರೂ ಅದು ಬಾಕ್ಸ್ ಆಗುತ್ತದೆ. ಬೆನ್ನಿಗೆ ಬೆನ್ನು ಸೇರಿಸಿದರೆ ಶಿಯರ್ ಸೆಂಟರ್ ನಡುವಿಗೆ ಬರುತ್ತದೆ ನಿಜ, ಆದರೆ ತಿರುಚನ್ನು ತಡೆಯುವ ಬಿಗುಪು ಬಾಕ್ಸಿನಷ್ಟು ಬರುವುದಿಲ್ಲ. ಅಲ್ಲಿ ಭಾರವೂ ನಡುವಿಗೇ ಬೀಳಬೇಕು.

ಒಂದೇ ಚಾನೆಲ್ ಇದ್ದರೆ ಭಾರವನ್ನು ಶಿಯರ್ ಸೆಂಟರಿಗೆ ಕೊಂಡೊಯ್ಯಬಹುದು. ಬೆನ್ನಿನ ಹಿಂದೆ ಒಂದು ಸಣ್ಣ ಬ್ರಾಕೆಟ್ ಬೆಸೆದು, ಲೆಕ್ಕ ಹಾಕಿದಷ್ಟು ದೂರದಲ್ಲಿ ಕೊಕ್ಕೆ ಹಾಕಿದರೆ ಆಯಿತು. ತೋಳಿನ ತುದಿಗೆ ಮಾತ್ರ ಎಂದೂ ಕೊಕ್ಕೆ ಹಾಕಬೇಡಿ.

ಇಳಿಜಾರು ಶೀಟ್ ಚಾವಣಿಯ ಕೆಳಗೆ ಅಡ್ಡಕ್ಕೆ ಹಾಕುವ ಪರ್ಲಿನ್ ಚಾನೆಲ್‌ಗಳಲ್ಲಿ ಇನ್ನೊಂದು ಉಪಾಯವಿದೆ. ಅನುಭವಿ ಫ್ಯಾಬ್ರಿಕೇಟರುಗಳು ಚಾನೆಲ್ಲಿನ ಬಾಯಿಯನ್ನು ಇಳಿಜಾರಿನ ಮೇಲ್ಗಡೆಗೆ ಮುಖಮಾಡಿ ಕೂರಿಸುತ್ತಾರೆ. ಶೀಟಿನ ಭಾರ ಚಾನೆಲ್ಲಿನ ತಲೆಯನ್ನು ಬಾಯಿಯ ಕಡೆಗೆ, ಅಂದರೆ ಮೇಲಕ್ಕೆ ವಾಲಿಸಲು ನೋಡುತ್ತದೆ. ಅದೇ ಭಾರ ಇಳಿಜಾರಿನಲ್ಲಿ ಜಾರಲು ನೋಡುವಾಗ ತಲೆಯನ್ನು ಕೆಳಕ್ಕೆ ಎಳೆಯುತ್ತದೆ. ಎರಡೂ ವಿರುದ್ಧವಾಗಿರುವುದರಿಂದ ತಿರುಚು ಕಡಿಮೆಯಾಗುತ್ತದೆ. ಬಾಯಿ ಕೆಳಗಡೆಗೆ ಮುಖಮಾಡಿದ್ದರೆ ಎರಡೂ ಒಂದೇ ಕಡೆಗೆ ಸೇರಿ ತಿರುಚು ಹೆಚ್ಚುತ್ತದೆ. ನಿಮ್ಮ ಶೆಡ್ ಕೆಲಸ ನಡೆಯುತ್ತಿದ್ದರೆ ಇದೊಂದನ್ನು ನೋಡಿಕೊಳ್ಳಿ. ಇದಕ್ಕೆ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲ.

ಒಂದು ಎಚ್ಚರಿಕೆ. ಭಾರ ಶಿಯರ್ ಸೆಂಟರಿನಲ್ಲೇ ಇದ್ದರೂ ತುಂಬ ಉದ್ದದ, ತೆಳ್ಳಗಿನ ಚಾನೆಲ್ ಹೆಚ್ಚು ಭಾರಕ್ಕೆ ಇದ್ದಕ್ಕಿದ್ದಂತೆ ಪಕ್ಕಕ್ಕೆ ಮಗುಚಬಹುದು. ಅದು ಬೇರೆ ರೀತಿಯ ವೈಫಲ್ಯ, ಅದಕ್ಕೆ ಬೇರೆ ಲೆಕ್ಕವಿದೆ. ಜನರ ತಲೆಯ ಮೇಲೆ ಬರುವ ಯಾವುದೇ ಕಟ್ಟಣೆಯನ್ನು ಎಂಜಿನಿಯರಿಗೆ ತೋರಿಸಿಯೇ ಹಾಕಿಸಿ.

ಹಾಗಾದರೆ ನಿಜವೇನು?

"ಚಾನೆಲ್ ತಿರುಚಿತು, ಹಾಗಾಗಿ ಕಬ್ಬಿಣ ಕಳಪೆ" – ತಪ್ಪು. ತಿರುಚುವುದು ಆಕಾರ ಮತ್ತು ಭಾರದ ಜಾಗದಿಂದ.

"ತೂಕದ ಕೇಂದ್ರಕ್ಕೆ ಭಾರ ಹಾಕಿದರೆ ತಿರುಚುವುದಿಲ್ಲ" – ಸಿ ಚಾನೆಲ್ ವಿಷಯದಲ್ಲಿ ಇದೂ ತಪ್ಪು. ಆ ಜಾಗ ಬೆನ್ನಿನ ಹಿಂದಿದೆ.

ಇನ್ನು ಮುಂದೆ ತಿರುಚಿದ ಚಾನೆಲ್ಲಿನ ಫೋಟೋ ಜೊತೆ "ನೋಡಿ, ಎಂಥ ಕಳಪೆ ಮಾಲು" ಎಂಬ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಫೋಟೋವನ್ನು ದೊಡ್ಡದು ಮಾಡಿ ಕೊಕ್ಕೆ ಎಲ್ಲಿದೆ ನೋಡಿ.